ಮೊಲದ ಪಕ್ಕದ ಸೋತ ನಕ್ಷತ್ರ

ಫೆಬ್ರುವರಿಯ ಸಂಜೆ ಮಹಾವ್ಯಾಧ ನೆತ್ತಿಗೆ ಬರುವ ಹೊತ್ತಿಗೆ ಅವನ ಕಾಲಬುಡದಲ್ಲಿ ಶಶ ಪುಂಜದ ಮೊಲ ಕೂತಿರುತ್ತದೆ. ಆ ಪುಂಜದ ಪೂರ್ವದಂಚಿನಲ್ಲಿ ಗ್ಲೀಸೆ 229 ಎಂಬ ಕೆಂಪು ಕುಬ್ಜ ನಕ್ಷತ್ರವಿದೆ. ಬರಿಗಣ್ಣಿಗೆ ಸಿಗದು. ನಕ್ಷೆ ಹಿಡಿದು ತಾಳ್ಮೆಯಿಂದ ಹುಡುಕಿದರೆ ಬೈನಾಕ್ಯುಲರ್‌ನಲ್ಲಿ ಒಂದು ಮಂಕು ಚುಕ್ಕಿಯಾಗಿ ಕಾಣುತ್ತದೆ. ದೂರ ಸುಮಾರು 19 ಜ್ಯೋತಿರ್ವರ್ಷ. ನಾನು ಅದನ್ನು ಮತ್ತೆ ಮತ್ತೆ ಹುಡುಕುವುದು ಅದರ ಪಕ್ಕದಲ್ಲಿರುವ, ನನ್ನ ಬೈನಾಕ್ಯುಲರ್‌ಗೆ ಎಂದೂ ಸಿಗದ ಜೊತೆಗಾರನಿಗಾಗಿ.

ಆ ಜೊತೆಗಾರನನ್ನು ಪಾಲೊಮಾರ್ ವೀಕ್ಷಣಾಲಯದ ಚಿತ್ರಗಳಲ್ಲಿ ಗುರುತಿಸಿ 1995ರಲ್ಲಿ ಪ್ರಕಟಿಸಿದ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಇದ್ದರು. ಅದರ ರೋಹಿತದಲ್ಲಿ ಮೀಥೇನ್ ಕಂಡಿತು. ನಕ್ಷತ್ರದ ಬಿಸಿಗೆ ಮೀಥೇನ್ ಉಳಿಯುವುದಿಲ್ಲ; ಗುರುಗ್ರಹದ ವಾತಾವರಣದಲ್ಲಿ ಅದು ಧಾರಾಳವಾಗಿದೆ. ಮೈಯ ಬಿಸಿ ಸುಮಾರು 700 ಡಿಗ್ರಿ ಸೆಲ್ಸಿಯಸ್. ಅಂದರೆ ಇದು ನಕ್ಷತ್ರವಲ್ಲ. ಆದರೆ ತೂಕ ಗುರುವಿನ ಹತ್ತಾರು ಪಟ್ಟು, ಹಾಗಾಗಿ ಗ್ರಹವೂ ಅಲ್ಲ. ಇಂಥ ಕಾಯಗಳಿರಬೇಕೆಂದು ಭಾರತ ಮೂಲದ ಶಿವ್ ಎಸ್. ಕುಮಾರ್ 1963ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 1975ರಲ್ಲಿ ಜಿಲ್ ಟಾರ್ಟರ್ ಅವಕ್ಕೆ ಕಂದು ಕುಬ್ಜ ಎಂಬ ಹೆಸರಿಟ್ಟರು.

ಇವನ್ನು ಸೋತ ನಕ್ಷತ್ರ ಎನ್ನುವುದೇಕೆ? ಅನಿಲದ ಮೋಡವೊಂದು ತನ್ನ ಭಾರಕ್ಕೇ ಕುಸಿಯುತ್ತ ಹೋದಂತೆ ಅದರ ಒಡಲು ಬಿಸಿಯೇರುತ್ತದೆ. ಬಿಸಿ ಸಾಕಷ್ಟು ಏರಿದರೆ ಜಲಜನಕ ಬೆಸೆದು ಹೀಲಿಯಂ ಆಗತೊಡಗುತ್ತದೆ, ಆ ಶಾಖವೇ ಕುಸಿತವನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿಗೆ ನಕ್ಷತ್ರ ಹುಟ್ಟಿತು. ಮೋಡ ಹಗುರವಾಗಿದ್ದರೆ ಬೇರೊಂದು ತಡೆ ಮೊದಲೇ ಎದುರಾಗುತ್ತದೆ. ಎಲೆಕ್ಟ್ರಾನುಗಳನ್ನು ಒಂದು ಮಿತಿ ಮೀರಿ ಒತ್ತೊತ್ತಾಗಿ ತುಂಬಲು ಬರುವುದಿಲ್ಲ, ಅವು ತಿರುಗಿ ಒತ್ತುತ್ತವೆ. ಈ ಒತ್ತಡಕ್ಕೆ ಶಾಖದ ಹಂಗಿಲ್ಲ. ಕಾಯ ತಣ್ಣಗಾದರೂ ಅದು ಉಳಿಯುತ್ತದೆ. ಹಾಗಾಗಿ ಕುಸಿತ ನಿಂತುಹೋಗುತ್ತದೆ, ಒಡಲು ಜಲಜನಕ ಉರಿಯುವಷ್ಟು ಕಾಯುವುದೇ ಇಲ್ಲ. ಈ ಗಡಿ ಗುರುವಿನ ತೂಕದ ಸುಮಾರು 75ರಿಂದ 80 ಪಟ್ಟು.

ನಕ್ಷತ್ರ ಉರಿಯುತ್ತಿರುವ ಕುಲುಮೆ. ಕಂದು ಕುಬ್ಜ ಕುಲುಮೆಯಿಂದ ಹೊರತೆಗೆದಿಟ್ಟ ಕಬ್ಬಿಣ. ಹುಟ್ಟಿನ ಶಾಖದಿಂದಲೇ ಮಿನುಗುತ್ತದೆ, ದಿನ ಕಳೆದಂತೆ ಮಂಕಾಗುತ್ತದೆ.

ಈ ಹೋಲಿಕೆಯಲ್ಲೇ ಗ್ಲೀಸೆ 229ರ ಒಗಟೂ ಇದೆ. ಆ ಜೊತೆಗಾರ ತನ್ನ ಕೆಂಪು ನಕ್ಷತ್ರವನ್ನು ಎಷ್ಟು ಎಳೆದಾಡುತ್ತದೆ ಎಂದು ಅಳೆದಾಗ ತೂಕ ಗುರುವಿನ ಸುಮಾರು 71 ಪಟ್ಟು ಬಂತು. ಗಡಿಯ ಹತ್ತಿರದ ಇಷ್ಟು ದೊಡ್ಡ ಕಬ್ಬಿಣದ ಗಟ್ಟಿ ಇಷ್ಟು ಬೇಗ ಆರುವಂತಿಲ್ಲ, ಆದರೂ ಅದು ತೀರ ಮಂಕಾಗಿತ್ತು. ಉತ್ತರ 2024ರಲ್ಲಿ ಸಿಕ್ಕಿತು. ಚಿಲಿಯ ವಿಎಲ್‌ಟಿಯ ದೂರದರ್ಶಕಗಳ ಬೆಳಕನ್ನು ಒಟ್ಟುಗೂಡಿಸಿ ನೋಡಿದಾಗ ಅಲ್ಲಿದ್ದದ್ದು ಒಂದಲ್ಲ, ಎರಡು! ಒಂದು ಗುರುವಿನ 38 ಪಟ್ಟು, ಇನ್ನೊಂದು 34 ಪಟ್ಟು; ಸುಮಾರು 12 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಸಣ್ಣ ಗಟ್ಟಿಗಳು ಬೇಗ ಆರಿದ್ದವು, ಅಷ್ಟೆ. ಲೆಕ್ಕ ಸರಿಯಾಗಿಯೇ ಇತ್ತು.

ಹಾಗಾದರೆ ಇವು ದೈತ್ಯ ಗ್ರಹಗಳಿಂದ ಹೇಗೆ ಬೇರೆ? ಗಾತ್ರ ನೋಡಿ ಹೇಳಲಾಗದು. 38 ಗುರುಗಳ ತೂಕದ ಕಾಯವೂ ಹೆಚ್ಚುಕಡಿಮೆ ಗುರುವಿನಷ್ಟೇ ಅಗಲ. ಸೇರಿಸಿದ ತೂಕ ಅದನ್ನು ಉಬ್ಬಿಸುವ ಬದಲು ಇನ್ನಷ್ಟು ಅಡಕಗೊಳಿಸುತ್ತದೆ. ಅದರ ಮೈಮೇಲೆ ಗುರುತ್ವ ಭೂಮಿಯ ಸುಮಾರು ನೂರು ಪಟ್ಟು. ವಾಡಿಕೆಯ ಗೆರೆ ಗುರುವಿನ 13 ಪಟ್ಟು ತೂಕದಲ್ಲಿದೆ. ಅದಕ್ಕಿಂತ ಭಾರವಾದರೆ ಜಲಜನಕದ ಭಾರದ ರೂಪವಾದ ಡ್ಯೂಟೀರಿಯಂ ಬೆಸೆಯುತ್ತದೆ. ಆದರೆ ಅದು ಜಲಜನಕದ ಲಕ್ಷ ಪರಮಾಣುಗಳಲ್ಲಿ ಒಂದೆರಡಷ್ಟೇ ಇರುವುದರಿಂದ ಕಂದು ಕುಬ್ಜದ ಈ ಪುಟ್ಟ ಉರಿ ಬಾಲ್ಯದಲ್ಲೇ ಮುಗಿಯುತ್ತದೆ. ಗುರುವಿಗೆ ಆ ಉರಿಯೂ ಇರಲಿಲ್ಲ.

ತೂಕಕ್ಕಿಂತ ನನಗೆ ಮುಖ್ಯವೆನಿಸುವುದು ಹುಟ್ಟು. ಗ್ರಹ ಹುಟ್ಟುವುದು ನಕ್ಷತ್ರದ ಸುತ್ತಲಿನ ತಟ್ಟೆಯಲ್ಲಿ: ಧೂಳು, ಹಿಮ, ಕಲ್ಲು ಕೂಡಿ ಮೊದಲು ತಿರುಳು, ಆಮೇಲೆ ಅದರ ಮೇಲೆ ಅನಿಲದ ಹೊದಿಕೆ. ಕಂದು ಕುಬ್ಜ ನಕ್ಷತ್ರದಂತೆಯೇ ಅನಿಲ ನೇರವಾಗಿ ಕುಸಿದು ಹುಟ್ಟುತ್ತದೆ. 13ರ ಆಸುಪಾಸಿನಲ್ಲಿ ಎರಡೂ ದಾರಿಯ ಮಕ್ಕಳು ಬೆರೆತಿರಬಹುದು, ಅಲ್ಲಿ ತೂಕವೊಂದರಿಂದ ಕುಲ ಹೇಳಲಾಗದು.

ಆದ್ದರಿಂದ ಗುರುವನ್ನು ಸೋತ ನಕ್ಷತ್ರ ಎಂದರೆ ನಾನು ಒಪ್ಪುವುದಿಲ್ಲ. ಅದು ನಕ್ಷತ್ರದ ದಾರಿ ಹಿಡಿದದ್ದೇ ಅಲ್ಲ. ಆ ದಾರಿಯಲ್ಲಿ ಹೊರಟು ನಡುವೆ ನಿಂತವು ಮೊಲದ ಪಕ್ಕದಲ್ಲಿ ಜೋಡಿಯಾಗಿ ಸುತ್ತುತ್ತಿವೆ.