ಥಾಯ್ ಪದಗಳಿಗೆ ಕನ್ನಡ ಲಿಪಿಯ ಉಚ್ಚಾರಣಾ ಸೂಚಿ: ಗಳಿಕೆ ಮತ್ತು ಮಿತಿ

ಥಾಯ್ಲೆಂಡಿನ ರಾಯಲ್ ಇನ್‌ಸ್ಟಿಟ್ಯೂಟ್ 1999ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ರೋಮನ್ ಲಿಪ್ಯಂತರವು ಸ್ವರದ ಹ್ರಸ್ವ-ದೀರ್ಘಗಳನ್ನೂ ಶ್ರುತಿಯನ್ನೂ (ಟೋನ್) ಸೂಚಿಸುವುದಿಲ್ಲ. ಊರು, ಬೀದಿಗಳ ಹೆಸರಿಗೆ ಇದು ಸಾಕು, ಕಲಿಯುವವರಿಗೆ ಸಾಲದು. ಈ ಪದ್ಧತಿಯಲ್ಲಿ ‘ಅವನು’, ‘ಒಳಹೋಗು’, ‘ಬಿಳಿ’, ‘ಸುದ್ದಿ’, ‘ಅನ್ನ’ ಎಂಬ ಐದು ಪದಗಳೂ khao ಆಗುತ್ತವೆ. ಕನ್ನಡ ಲಿಪಿಯು ಇಷ್ಟು ಬಡವಲ್ಲ. ಮೊದಲೆರಡು ಪದಗಳನ್ನು ‘ಖವ್’ ಎಂದೂ ಉಳಿದ ಮೂರನ್ನು ‘ಖಾವ್’ ಎಂದೂ ಅದು ಬೇರ್ಪಡಿಸುತ್ತದೆ. ಆದರೆ ಈ ಗಳಿಕೆ ಓದುಗರ ನಾಲಿಗೆಯವರೆಗೆ ತಲುಪುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕನ್ನಡಿಗರನ್ನು ಓದುಗರೆಂದು ಇಟ್ಟುಕೊಂಡು ಅದನ್ನು ಪರಿಶೀಲಿಸುತ್ತೇವೆ.

ಮೊದಲನೆಯದು ಮಹಾಪ್ರಾಣ. ಥಾಯ್‌ನಲ್ಲಿ kai ಎಂದರೆ ಕೋಳಿ, khai ಎಂದರೆ ಮೊಟ್ಟೆ. ಎರಡರ ಶ್ರುತಿಯೂ ಒಂದೇ. ಅವನ್ನು ಬೇರ್ಪಡಿಸುವುದು ಮಹಾಪ್ರಾಣವೊಂದೇ. ‘ಕೈ’, ‘ಖೈ’ ಎಂದು ಬರೆದರೆ ಕಣ್ಣಿಗೆ ಭೇದ ಸ್ಪಷ್ಟ. ಈ ಭಾಗದಲ್ಲಿ ‘ಖರೇ’ ಎಂಬ ದಿನಬಳಕೆಯ ಮಾತನ್ನು ಉಸಿರುಗೂಡಿಸಿ ನುಡಿಯುವವರಿಗೆ ಬೇಕಾದ ಧ್ವನಿ ಆಗಲೇ ಕೈವಶವಾಗಿದೆ. ‘ಕರೇ’ ಎನ್ನುವವರಿಗೆ ‘ಖೈ’ ಕೇವಲ ಕಾಗುಣಿತದ ಭೇದ. ಅವರು ಮೊಟ್ಟೆ ಕೇಳಿದರೆ ಕೋಳಿ ಬಂದೀತು. ಬಾಯಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿದು ಎರಡನ್ನೂ ನುಡಿದರೆ ಇದು ತಿಳಿಯುತ್ತದೆ: ‘ಖೈ’ ಎಂದಾಗ ಕಾಗದ ಹೆಚ್ಚು ಅಲುಗಬೇಕು.

ಎರಡನೆಯದು ಪದಾಂತ್ಯ. ‘ಬಹಳ’ ಎಂಬರ್ಥದ ಥಾಯ್ ಪದವನ್ನು ‘ಮಾಕ್’ ಎಂದು ಬರೆಯುತ್ತೇವೆ. ಅದರ ಕೊನೆಯ ವ್ಯಂಜನದಲ್ಲಿ ಉಸಿರು ತಡೆಯಲ್ಪಡುತ್ತದೆ, ಬಿಡುಗಡೆಯಾಗುವುದಿಲ್ಲ. ಕನ್ನಡವಾದರೋ ‘ಬಸ್’ ಅನ್ನು ‘ಬಸ್ಸು’ ಮಾಡಿಕೊಂಡ ಭಾಷೆ. ಆದ್ದರಿಂದ ‘ಮಾಕ್’ ಕೂಡ ‘ಮಾಕು’ ಆಗಿ ಎರಡು ಅಕ್ಷರಗಳ ಪದವಾಗುತ್ತದೆ. ವ್ಯಂಜನದ ಅರ್ಧಾಕ್ಷರ ಚಿಹ್ನೆಯು ಸ್ವರವಿಲ್ಲವೆಂದು ಹೇಳಬಲ್ಲದು; ಬಿಡುಗಡೆಯಿಲ್ಲವೆಂದು ಹೇಳಲಾರದು.

ಮೂರನೆಯದು ಶ್ರುತಿ. ಏರುವ ಶ್ರುತಿಯ ‘ಖಾವ್’ ಬಿಳಿ, ತಗ್ಗಿನದು ಸುದ್ದಿ, ಇಳಿಯುವುದು ಅನ್ನ. ಅಕ್ಷರದ ಮೇಲೆ ಅಂಕಿಯನ್ನೋ ಗೆರೆಯನ್ನೋ ಹಾಕಿ ಇವನ್ನು ಹೆಸರಿಸಬಹುದು. ಆದರೆ ಕನ್ನಡದಲ್ಲಿ ಏರುದನಿಯು ಪದದ ಅರ್ಥವನ್ನು ಬದಲಿಸದು, ಪ್ರಶ್ನೆಯನ್ನು ಸೂಚಿಸುತ್ತದೆ. ಆದ್ದರಿಂದ ಏರುಗೆರೆ ಕಂಡ ಓದುಗರು ‘ಬಿಳಿ’ ಎನ್ನುವ ಬದಲು ಏನನ್ನೋ ಕೇಳಿದಂತೆ ನುಡಿಯುತ್ತಾರೆ; ವಾಕ್ಯದ ನಡುವೆ ಬಂದಾಗ ಆ ಏರಿಕೆಯನ್ನೇ ಕೈಬಿಡುತ್ತಾರೆ.

ಹೀಗಾಗಿ ಕನ್ನಡ ಸೂಚಿಯ ಅಪಾಯ ಅದರ ಬಡತನದಲ್ಲಿಲ್ಲ, ಅದು ಹುಟ್ಟಿಸುವ ಭರವಸೆಯಲ್ಲಿದೆ. ರೋಮನ್ ಬರಹವನ್ನು ಕಲಿಯುವವರು ಸಂಶಯದಿಂದ ಓದುತ್ತಾರೆ. ತಮ್ಮ ಲಿಪಿಯನ್ನು ಕಂಡಾಗ ಕಿವಿಗೊಡುವುದನ್ನೇ ನಿಲ್ಲಿಸುತ್ತಾರೆ. ಆದ್ದರಿಂದ ಸೂಚಿಯನ್ನು ಅದರ ಪುಟದ ಮೇಲಲ್ಲ, ಕೇಳುಗರ ಮುಂದೆ ಒರೆಗೆ ಹಚ್ಚಬೇಕೆಂದು ನಾವು ವಾದಿಸುತ್ತೇವೆ. ಮೂರು ‘ಖಾವ್’ಗಳನ್ನು ಕ್ರಮ ತಪ್ಪಿಸಿ ಓದಿಸಬೇಕು, ಪಟ್ಟಿಯನ್ನು ಕಾಣದ ಥಾಯ್ ಭಾಷಿಕರು ಪ್ರತಿಯೊಂದರ ಅರ್ಥವನ್ನು ಗುರುತಿಸಬೇಕು. ಅವರು ಗುರುತಿಸಲಾರದ ಭೇದ ಬರಹದಲ್ಲಿ ಎಷ್ಟೇ ನಿಚ್ಚಳವಾಗಿದ್ದರೂ ಕಲಿಯುವವರಿಗೆ ಇನ್ನೂ ದಕ್ಕಿಲ್ಲ.