ಐದು ಬಲಗಳ ಉತ್ತರ: ರಸಿಕರಿಗೊಂದು ಕೈಪಿಡಿ

ಕಡೂರು ತಾಲ್ಲೂಕಿನ ಯುವಕನೊಬ್ಬನು, ತನ್ನ ತಂದೆ ಕಟ್ಟಿಸಿದ ಗೋದಾಮೊಂದನ್ನೂ ಅಲ್ಪಸ್ವಲ್ಪ ಬಂಡವಾಳವನ್ನೂ ನೆಚ್ಚಿಕೊಂಡು, ಉಂಡೆ ಕೊಬ್ಬರಿಯ ಸಗಟು ವ್ಯಾಪಾರಕ್ಕೆ ಇಳಿಯಬಯಸುತ್ತಾನೆ. ಆ ಉದ್ಯಮವನ್ನು ಐದು ಸ್ಪರ್ಧಾತ್ಮಕ ಬಲಗಳ ಚೌಕಟ್ಟಿನಲ್ಲಿ ಪರಿಶೀಲಿಸಿ ಅವನಿಗೆ ಸಲಹೆ ನೀಡಬೇಕು. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ನಾನು ಕೊಡುವ ಪ್ರಶ್ನೆ ಇದು. ಇದಕ್ಕೆ ಬರುವ ಉತ್ತರಗಳಲ್ಲಿ ಯಾವುದು ಸರಸ, ಯಾವುದು ನೀರಸ ಎಂಬುದನ್ನು ಹೊಸಬರೂ ಕಂಡುಕೊಳ್ಳಬಹುದು. ಅದಕ್ಕೆ ಬೇಕಾದ ದೃಷ್ಟಿಯನ್ನು ಇಲ್ಲಿ ನಿವೇದಿಸುತ್ತೇನೆ.

ಈ ಚೌಕಟ್ಟನ್ನು ಮೈಕೇಲ್ ಪೋರ್ಟರ್ ಅವರು 1979ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಮಂಡಿಸಿದರು. ಒಂದು ಉದ್ಯಮದಲ್ಲಿ ಹುಟ್ಟುವ ಲಾಭಕ್ಕೆ ಕೈಯೊಡ್ಡುವವರು ಎದುರಂಗಡಿಯ ಪ್ರತಿಸ್ಪರ್ಧಿಗಳು ಮಾತ್ರವಲ್ಲ. ಸರಕನ್ನು ಒದಗಿಸುವವರು, ಕೊಳ್ಳುವವರು, ಹೊಸದಾಗಿ ಒಳಬರಬಹುದಾದವರು, ಅದೇ ಅಗತ್ಯವನ್ನು ಬೇರೊಂದು ವಸ್ತುವಿನಿಂದ ಪೂರೈಸುವವರು, ಇವರೆಲ್ಲರೂ ಅದರಲ್ಲಿ ಪಾಲು ಕೇಳುತ್ತಾರೆ ಎಂಬುದು ಅವರ ಮತದ ಸಾರ. ಆದಕಾರಣ ಐದು ಶೀರ್ಷಿಕೆಗಳನ್ನು ಬರೆದು ಒಂದೊಂದರ ಮುಂದೆ ‘ಅಧಿಕ’, ‘ಅಲ್ಪ’ ಎಂದು ಗುರುತು ಹಾಕಿದ ಮಾತ್ರಕ್ಕೆ ಅದು ಉತ್ತರವಾಗಲಾರದು. ಲಾಭವು ಯಾರ ಕೈಸೇರುತ್ತಿದೆ, ಯಾವ ಕಾರಣದಿಂದ ಸೇರುತ್ತಿದೆ ಎಂದು ಪ್ರತಿಯೊಂದು ಬಲದಲ್ಲಿಯೂ ಹೇಳಿದಾಗಲೇ ಅದಕ್ಕೆ ಜೀವ ಬರುವುದು.

ಮೊದಲು ನೋಡತಕ್ಕದ್ದು ಎಲ್ಲೆಯನ್ನು. ‘ತೆಂಗಿನ ಉದ್ಯಮ’ ಎಂದು ಆರಂಭವಾಗುವ ಉತ್ತರವು ಬಹುಮಟ್ಟಿಗೆ ಆರಂಭದಲ್ಲಿಯೇ ಕೆಟ್ಟಿತೆಂದು ತಿಳಿಯಬೇಕು. ಏಕೆಂದರೆ ಎಳನೀರು ಕೀಳಿಸುವವನು, ಹಸಿಕಾಯಿಯ ಲಾರಿ ತುಂಬಿಸುವವನು, ಎಣ್ಣೆಯ ಗಿರಣಿಯವನು, ಉಂಡೆ ಕೊಬ್ಬರಿಯ ಮಂಡಿಯವನು, ಇವರೆಲ್ಲರಿಗೂ ಕೊಳ್ಳುವವರು ಬೇರೆ, ಕಷ್ಟಗಳು ಬೇರೆ. ಒಳ್ಳೆಯ ಉತ್ತರವು ತನ್ನ ಎಲ್ಲೆಯನ್ನು ಒಂದೇ ವಾಕ್ಯದಲ್ಲಿ ಗುರುತಿಸುತ್ತದೆ: ಕಡೂರು, ಅರಸೀಕೆರೆ, ತಿಪಟೂರುಗಳ ಬೆಳೆಗಾರರಿಂದ ಉಂಡೆ ಕೊಬ್ಬರಿಯನ್ನು ಕೊಂಡು ಉತ್ತರ ಭಾರತದ ಸಗಟು ವ್ಯಾಪಾರಿಗಳಿಗೆ ಕಳುಹಿಸುವ ವರ್ತಕರೇ ಇಲ್ಲಿ ಉದ್ಯಮ, ಬೆಳೆಗಾರನು ಸರಬರಾಜುದಾರ, ಉತ್ತರದ ವ್ಯಾಪಾರಿ ಗ್ರಾಹಕ.

ಈ ಎಲ್ಲೆ ಸ್ಥಿರವಾದ ಮೇಲೆ ಸರಬರಾಜುದಾರನ ಬಲವನ್ನು ವಿವರಿಸುವ ಭಾಗಕ್ಕೆ ಬರಬೇಕು. ರಸಿಕನು ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಇದೇ. ‘ಬೆಳೆಗಾರರು ಅಸಂಖ್ಯಾತರು, ಚದುರಿದವರು, ಆದ್ದರಿಂದ ದುರ್ಬಲರು’ ಎಂದು ಸಾಧಾರಣ ವಿದ್ಯಾರ್ಥಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾನೆ. ಆದರೆ ಈ ಸೀಮೆಯ ತೋಟದ ಮನೆಯ ಅಟ್ಟವನ್ನು ಹತ್ತಿ ನೋಡಿದವನು ಹಾಗೆ ಮುಗಿಸಲಾರ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೇರಿಸಿ ಎಂಟು ತಿಂಗಳಿನಿಂದ ಒಂದು ವರ್ಷದವರೆಗೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಕರಟದಿಂದ ತಾನಾಗಿ ಕಳಚಿಕೊಂಡು, ಕೈಯಲ್ಲಿ ಹಿಡಿದು ಅಲುಗಿಸಿದಾಗ ಗಿಟುಕು ಲೊಡಲೊಡನೆ ಸದ್ದು ಮಾಡುತ್ತದೆ. ಆಮೇಲೆ ಸುಲಿದು, ಕರಟವನ್ನು ಹದವಾಗಿ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುತ್ತಾರೆ. ಇಷ್ಟು ದೀರ್ಘಕಾಲ ಕಾಯಬಲ್ಲ ಬೆಳೆಗಾರನಿಗೆ, ಇಂದಿನ ದರ ಸರಿಬಾರದಿದ್ದರೆ ಇನ್ನೂ ಕೆಲವು ವಾರ ಕಾಯುವ ಅವಕಾಶವಿದೆ. ಕಾಯಿ ಎಳೆಯದಾಗಿರುವಾಗಲೇ ಎಳನೀರಿಗೆ ಕೊಟ್ಟುಬಿಡುವ ಅವಕಾಶವೂ ಉಂಟು. ಆದರೆ ಮಗಳ ಮದುವೆಯೋ ಸೊಸೈಟಿಯ ಸಾಲದ ಕಂತೋ ಎದುರು ನಿಂತಾಗ ಆ ಅಟ್ಟದ ಬಲ ಒಂದೇ ದಿನದಲ್ಲಿ ಕರಗಿಹೋಗುತ್ತದೆ. ಸಾಲವಿಲ್ಲದ ಬೆಳೆಗಾರನು ಬಲಶಾಲಿ, ಸಾಲದಲ್ಲಿರುವವನು ದುರ್ಬಲ ಎಂದು ಭೇದವನ್ನು ಕಾಣಿಸಿದ ಉತ್ತರಕ್ಕೆ ನಾನು ಮನಸಾರೆ ಅಂಕ ಕೊಡುತ್ತೇನೆ.

ಈ ಎಳನೀರಿನ ವಿಷಯದಲ್ಲಿ ಒಂದು ಪ್ರಮಾದವು ಪುನಃಪುನಃ ಕಾಣಿಸುತ್ತದೆ. ಕೊಬ್ಬರಿಗೆ ಬದಲಿ ವಸ್ತು ಯಾವುದೆಂದು ಕೇಳಿದರೆ ಬಹುಮಂದಿ ಎಳನೀರನ್ನೇ ಹೆಸರಿಸುತ್ತಾರೆ. ದೆಹಲಿಯ ಗೃಹಿಣಿಯು ಹಬ್ಬಕ್ಕೆಂದು ಕೊಬ್ಬರಿ ಕೊಳ್ಳಲು ಹೋದವಳು ಅದರ ಬದಲಿಗೆ ಎಳನೀರನ್ನು ತರುವುದಿಲ್ಲ. ಒಣಹಣ್ಣನ್ನೋ ಪೊಟ್ಟಣದ ಕೊಬ್ಬರಿ ತುರಿಯನ್ನೋ ತರಬಹುದು. ಬದಲಿ ವಸ್ತುವನ್ನು ಗ್ರಾಹಕನ ಅಗತ್ಯದಿಂದ ಗುರುತಿಸಬೇಕೇ ಹೊರತು ಮರದ ಸಂಬಂಧದಿಂದಲ್ಲ. ಎಳನೀರು ಬೆಳೆಗಾರನಿಗೆ ದೊರೆತ ಇನ್ನೊಂದು ದಾರಿ. ಆದುದರಿಂದ ಅದು ಸೇರತಕ್ಕದ್ದು ಸರಬರಾಜುದಾರನ ಬಲಕ್ಕೆ. ಒಂದೇ ಸಂಗತಿಯನ್ನು ತಕ್ಕ ಸ್ಥಾನದಲ್ಲಿ ಇರಿಸಿದನೋ ಇಲ್ಲವೋ ಎಂಬುದರಿಂದಲೇ ಬರೆದವನ ತಿಳಿವಳಿಕೆ ಗೊತ್ತಾಗಿಬಿಡುತ್ತದೆ.

ಸರ್ಕಾರದ ವಿಷಯದಲ್ಲಿಯೂ ಹೀಗೆಯೇ. ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲ್ ಒಂದಕ್ಕೆ 2023ರಲ್ಲಿ 11,750 ರೂಪಾಯಿ, 2024ರಲ್ಲಿ 12,000 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿತ್ತು. ಇದನ್ನು ‘ಆರನೆಯ ಬಲ’ವೆಂದು ಸೇರಿಸುವವರಿದ್ದಾರೆ, ಪೋರ್ಟರ್ ಅವರು ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪಲಾರೆ. 2023ರಂತೆ ಪೇಟೆಯ ದರವು ಬೆಂಬಲ ಬೆಲೆಗಿಂತ ಕೆಳಗಿಳಿದಾಗ ನಾಫೆಡ್ ಖರೀದಿ ಕೇಂದ್ರವು ಬೆಳೆಗಾರನಿಗೆ ಎರಡನೆಯ ಕೊಳ್ಳುಗನಾಗಿ ಅವನ ಬಲವನ್ನು ಹೆಚ್ಚಿಸುತ್ತದೆ. ಅದೇ ಸಂಸ್ಥೆ ತಾನು ಕೂಡಿಟ್ಟ ದಾಸ್ತಾನನ್ನು ಮಾರಲು ಹೊರಟ ದಿನ ವರ್ತಕನಿಗೆ ಪ್ರತಿಸ್ಪರ್ಧಿಯಾಗುತ್ತದೆ. ಸರ್ಕಾರದ ಕ್ರಮವು ಐದರಲ್ಲಿ ಯಾವುದರ ಮೂಲಕ ಕೆಲಸಮಾಡುತ್ತದೆಂದು ತೋರಿಸಿದರೆ ಸಾಕು.

ಉಳಿದ ಬಲಗಳಲ್ಲಿ ಗ್ರಾಹಕನದು ಪ್ರಬಲ. ಉತ್ತರದ ದೊಡ್ಡ ವ್ಯಾಪಾರಿಯು ಗಾತ್ರವನ್ನೂ ಬಣ್ಣವನ್ನೂ ನೋಡಿ ಈ ಮಂಡಿಯಿಂದ ಆ ಮಂಡಿಗೆ ಸುಲಭವಾಗಿ ತಿರುಗಬಲ್ಲನು. ಒಬ್ಬ ವರ್ತಕನ ಉಂಡೆಗೂ ಇನ್ನೊಬ್ಬನ ಉಂಡೆಗೂ ಅವನ ಕಣ್ಣಿನಲ್ಲಿ ಭೇದ ಅತ್ಯಲ್ಪ. ಅದೇ ಕಾರಣದಿಂದ ವರ್ತಕರ ನಡುವಣ ಪೈಪೋಟಿಯೂ ದರದ ಮೇಲೆಯೇ ನಡೆಯುತ್ತದೆ.

ಇನ್ನುಳಿದುದು ಹೊಸಬರ ಪ್ರವೇಶ, ಅದನ್ನು ದರದ ಏರಿಕೆಯೊಡನೆ ನೋಡಬೇಕು. 2025ರಲ್ಲಿ ಕೊಬ್ಬರಿಯ ದರವು ಬೆಂಬಲ ಬೆಲೆಯ ಎರಡು ಪಟ್ಟನ್ನೂ ಮೀರಿತು. ಆ ವರ್ಷದ ಉತ್ತರಗಳಲ್ಲಿ ‘ದರ ಏರಿದೆ, ಆದ್ದರಿಂದ ಉದ್ಯಮ ಆಕರ್ಷಕ’ ಎಂಬ ವಾಕ್ಯವನ್ನು ನಾನು ಎಷ್ಟೋ ಬಾರಿ ಕೆಂಪು ಶಾಯಿಯಿಂದ ಗುರುತಿಸಿದ್ದೇನೆ. 12,000ಕ್ಕೆ ಕೊಂಡು 12,600ಕ್ಕೆ ಮಾರುವ ವರ್ತಕನೊಬ್ಬನನ್ನೂ, 25,000ಕ್ಕೆ ಕೊಂಡು 25,600ಕ್ಕೆ ಮಾರುವ ವರ್ತಕನೊಬ್ಬನನ್ನೂ ಊಹಿಸಿಕೊಳ್ಳೋಣ. ಇಬ್ಬರಿಗೂ ದೊರೆಯುವುದು ಅದೇ 600 ರೂಪಾಯಿ, ಆದರೆ ಎರಡನೆಯವನು ತೊಡಗಿಸಬೇಕಾದ ಹಣ ಇಮ್ಮಡಿಗೂ ಹೆಚ್ಚು, ಅದರ ಬಡ್ಡಿಯೂ ಇಮ್ಮಡಿಗೂ ಹೆಚ್ಚು. ದರದ ಏರಿಕೆಯು ಬೆಳೆ ಕಡಮೆಯಾದ ವರ್ಷದ ಅಲೆ. ಬಲಗಳು ನಿರ್ಧರಿಸುವುದು ಕೊಂಡ ದರಕ್ಕೂ ಮಾರಿದ ದರಕ್ಕೂ ನಡುವಣ ಅಂತರವನ್ನು. ಹಾಗೆ ನೋಡಿದರೆ ಏರಿದ ದರವು, ವ್ಯಾಪಾರದ ಲೈಸೆನ್ಸು ಸಿಕ್ಕಿದರೂ ಬಂಡವಾಳ ಸಾಲದ ಹೊಸಬನಿಗೆ, ಅಂದರೆ ನಮ್ಮ ಯುವಕನಿಗೇ, ಬಾಗಿಲನ್ನು ಮುಚ್ಚುತ್ತದೆ.

ಇಷ್ಟನ್ನೂ ಸಮರ್ಪಕವಾಗಿ ಬರೆದು, ತೀರ್ಪಿಲ್ಲದೆ ನಿಂತ ಉತ್ತರವು ಅಪೂರ್ಣ. ಐದರಲ್ಲಿ ನಿರ್ಣಾಯಕವಾದುದು ಯಾವುದೆಂದು ಆರಿಸಿ ಹೇಳಬೇಕು. ಈ ಪ್ರಸಂಗದಲ್ಲಿ ಅದು ಗ್ರಾಹಕನ ಬಲ: ಗೋದಾಮು ಯುವಕನ ಕೈಯಲ್ಲಿದೆ, ಆ ಸೀಮೆಯವನಾದ್ದರಿಂದ ಬೆಳೆಗಾರರ ಪರಿಚಯವೂ ಇದೆ, ಇಲ್ಲದಿರುವುದು ಉತ್ತರದಲ್ಲಿ ನಂಬಿಕೆಯ ಕೊಳ್ಳುಗ. ಆದ್ದರಿಂದ ಅವನು ಈ ವರ್ಷ ಮಂಡಿ ತೆರೆಯಬಾರದು. ಗೋದಾಮನ್ನು ದಾಸ್ತಾನಿಗೆ ಬಾಡಿಗೆ ಕೊಟ್ಟು, ಅಲ್ಲಿಗೆ ಬರುವ ಮಾಲಿನಲ್ಲಿ ಗಾತ್ರ ವಿಂಗಡಣೆಯನ್ನು ಕಲಿತು, ಇಬ್ಬರು ಕೊಳ್ಳುಗರಿಂದಾದರೂ ಮುಂಗಡ ಬೇಡಿಕೆ ದೊರೆತ ಮೇಲೆ ಖರೀದಿಗೆ ಕೈಹಾಕಬೇಕು.