ಒಬ್ಬರೇ ಕಲಬುರ್ಗಿ, ಹಲವು ನಮೂದು

ಕನ್ನಡ ಸಂಶೋಧನೆಯ ಯಾವ ಪ್ರಬಂಧದ ಕೊನೆಯ ಪುಟಗಳನ್ನು ತೆರೆದರೂ ಎಂ.ಎಂ. ಕಲಬುರ್ಗಿಯವರ ಹೆಸರು ಸಿಗುತ್ತದೆ. ಆದರೆ ಒಂದೇ ಕಡೆ ಸಿಗುವುದು ಅಪರೂಪ. ಎ ಅಕ್ಷರದ ಕೆಳಗೆ ‘ಎಂ.ಎಂ. ಕಲಬುರ್ಗಿ’, ಕ ಅಕ್ಷರದ ಕೆಳಗೆ ‘ಕಲಬುರ್ಗಿ ಎಂ.ಎಂ.’, ಅದರಿಂದ ಹತ್ತು ಸಾಲು ಕೆಳಗೆ ‘ಕಲ್ಬುರ್ಗಿ ಎಮ್.ಎಮ್.’, ಡ ಅಕ್ಷರದ ಕೆಳಗೆ ‘ಡಾ. ಎಂ.ಎಂ. ಕಲಬುರಗಿ’. ಕಲಬುರಗಿಯ ಶಹಾಬಜಾರದ ನಮ್ಮ ಮನೆಗೆ ಕರಡು ತೋರಿಸಲು ಬರುವ ಸಂಶೋಧನ ವಿದ್ಯಾರ್ಥಿಗಳ ಗ್ರಂಥಸೂಚಿಗಳಲ್ಲಿ ಈ ನಾಲ್ಕೂ ರೂಪಗಳನ್ನು ಒಟ್ಟಿಗೆ ಕಂಡಿದ್ದೇನೆ. ಓದುಗನಿಗೆ ಅವರು ನಾಲ್ವರಂತೆ ಕಾಣುತ್ತಾರೆ. ಲೇಖಕ ಮತ್ತು ವರ್ಷವನ್ನಷ್ಟೇ ಕೊಟ್ಟು ಉಲ್ಲೇಖಿಸುವ ಪದ್ಧತಿಯಲ್ಲಂತೂ ತೊಂದರೆ ಇನ್ನೂ ಹೆಚ್ಚು. ಒಂದೇ ವರ್ಷ ಬಂದ ಎರಡು ಪುಸ್ತಕಗಳಿಗೆ ಅ, ಆ ಎಂದು ಗುರುತು ಹಾಕಬೇಕು. ಎರಡೂ ಬೇರೆ ಬೇರೆ ಹೆಸರಿನಡಿ ಕೂತಿದ್ದರೆ ಆ ಗುರುತು ಬೀಳುವುದೇ ಇಲ್ಲ. ಪಠ್ಯದಲ್ಲಿ ಹೇಳಿದ ಪುಸ್ತಕ ಯಾವುದೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ನಮ್ಮಲ್ಲಿ ಎರಡು ರೂಢಿಗಳಿವೆ. ಸಿಕ್ಕ ನಮೂದನ್ನು ಸಿಕ್ಕ ಹಾಗೆ ಬಿಡುವುದು ಒಂದು. ಕೊನೆಯ ರಾತ್ರಿ ಕಂಪ್ಯೂಟರಿನಲ್ಲಿ ಹುಡುಕಿ ಎಲ್ಲವನ್ನೂ ಒಂದೇ ರೂಪಕ್ಕೆ ಬದಲಿಸಿಬಿಡುವುದು ಇನ್ನೊಂದು. ಮೊದಲನೆಯದು ಸೋಮಾರಿತನ, ಅದನ್ನು ಕಣ್ಣು ಹಿಡಿಯುತ್ತದೆ. ಎರಡನೆಯದು ನೋಡಲು ಅಚ್ಚುಕಟ್ಟು, ಹಾಗಾಗಿ ಹೆಚ್ಚು ಅಪಾಯದ್ದು. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಊರಿನ ಹೆಸರನ್ನು ಸರಿಪಡಿಸುವ ಉತ್ಸಾಹದಲ್ಲಿ ಕಡತದ ‘ಕಲಬುರ್ಗಿ’ಗಳನ್ನೆಲ್ಲ ‘ಕಲಬುರಗಿ’ ಮಾಡಿದರೆ ಲೇಖಕರ ಅಡ್ಡಹೆಸರೂ ಅದರೊಂದಿಗೆ ಹೋಗುತ್ತದೆ. ಅಡ್ಡಹೆಸರಿಗೂ ಊರಿಗೂ ನಡುವೆ ಇರುವುದು ಒಂದು ಅರ್ಕಾವೊತ್ತು ಮಾತ್ರ. 2014ಕ್ಕೆ ಮುಂಚಿನ ಪುಸ್ತಕದ ಮೇಲೆ ಪ್ರಕಟಣೆಯ ಸ್ಥಳ ಗುಲಬರ್ಗಾ ಎಂದಿದ್ದರೆ ಅದನ್ನೂ ಹಾಗೆಯೇ ಬಿಡಬೇಕು. ಅದು ಆ ಪುಸ್ತಕದ ಗುರುತು.

ಸರಿಯಾದ ದಾರಿ ಕಲಬುರ್ಗಿಯವರ ಶಾಸ್ತ್ರದಲ್ಲೇ ಇದೆ. ಅವರು ‘ಕನ್ನಡ ಗ್ರಂಥಸಂಪಾದನಾ ಶಾಸ್ತ್ರ’ ಬರೆದವರು, ವಚನ ಸಂಪುಟಗಳನ್ನು ಸಂಪಾದಿಸಿದವರು. ಹಸ್ತಪ್ರತಿಗಳ ನಡುವೆ ಪಾಠ ಬೇರೆಯಾದಾಗ ಸಂಪಾದಕ ಒಂದನ್ನು ಮೇಲಿಡುತ್ತಾನೆ, ಉಳಿದದ್ದನ್ನು ಯಾವ ಪ್ರತಿಯದು ಎಂಬ ಸಂಕೇತದೊಂದಿಗೆ ಅಡಿಯಲ್ಲಿ ಕೊಡುತ್ತಾನೆ. ಯಾವುದನ್ನೂ ಅಳಿಸುವುದಿಲ್ಲ. ಹೆಸರಿನ ರೂಪಾಂತರಗಳಿಗೂ ಇದೇ ಶಿಸ್ತು ಸಲ್ಲುತ್ತದೆ, ಒಂದು ವ್ಯತ್ಯಾಸದೊಂದಿಗೆ. ಇಲ್ಲಿ ಎರಡು ಜಾತಿಯ ರೂಪಾಂತರಗಳಿವೆ. ಪುಸ್ತಕದ ಶೀರ್ಷಿಕೆ ಪುಟದಲ್ಲೇ ಅಚ್ಚಾದದ್ದು ಮೊದಲನೆಯ ಜಾತಿ, ಅದನ್ನು ಉಳಿಸಬೇಕು. ಪಟ್ಟಿ ಮಾಡಿದವನೋ ಬೆರಳಚ್ಚು ಮಾಡಿದವನೋ ತಂತ್ರಾಂಶವೋ ಹುಟ್ಟಿಸಿದ್ದು ಎರಡನೆಯದು. ಅದು ಲಿಪಿಕಾರನ ತಪ್ಪು. ಪುಸ್ತಕದೊಂದಿಗೆ ಹೋಲಿಸಿ ತೆಗೆದುಹಾಕಬೇಕು.

ಎರಡನೆಯ ಜಾತಿಯ ಒಂದು ತಪ್ಪಂತೂ ನಮ್ಮ ಕಾಲದ್ದೇ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಅರ್ಕಾವೊತ್ತಿಗೆ ಬೇರೆಯೇ ಸಂಕೇತವಿತ್ತು, ಅದು ಅಕ್ಷರದ ನಂತರ ಬರುತ್ತಿತ್ತು. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತನೆ ಅರೆಬರೆಯಾದರೆ ‘ಕಲಬುಗಿð’ ಎಂದೋ ‘ಕಲಬುಗಿರ್’ ಎಂದೋ ಉಳಿಯುತ್ತದೆ. ‘ಕಲಬುರ್ಗಿ’ ಎಂದು ಹುಡುಕಿದರೆ ಈ ನಮೂದು ಸಿಗುವುದಿಲ್ಲ. ಹಾಗಾಗಿ ಒಂದುಗೂಡಿಸಲು ಕೂತವರು ಹುಡುಕಾಟವನ್ನೇ ನಂಬಬಾರದು. ‘ಕಲಬು’, ‘ಕಲ್ಬು’ ಎಂಬ ಮೊದಲ ತುಂಡುಗಳನ್ನಷ್ಟೇ ಹುಡುಕಿ, ಬಂದದ್ದನ್ನೆಲ್ಲ ಕಣ್ಣಿನಿಂದ ಓದಬೇಕು.

ಕೆಲಸ ಹೀಗೆ ಸಾಗಬೇಕು. ಮೊದಲು ಲೇಖಕರಿಗೆ ಒಂದು ತಲೆಹೆಸರು ಗೊತ್ತುಮಾಡಿ: ಕಲಬುರ್ಗಿ, ಎಂ. ಎಂ. (1938–2015). ಉತ್ತರ ಕರ್ನಾಟಕದ ಹೆಸರುಗಳಲ್ಲಿ ಕೊನೆಗೆ ಬರುವುದು ಅಡ್ಡಹೆಸರು, ಅದರ ಕೆಳಗೆ ಜೋಡಿಸುವುದು ಸಹಜ. ‘ಡಾ.’ ಮತ್ತು ‘ಪ್ರೊ.’ ಬಿಡಬೇಕು, ಅವು ಹೆಸರಲ್ಲ. ಮಲ್ಲೇಶಪ್ಪ ಮಡಿವಾಳಪ್ಪ ಎಂಬ ವಿಸ್ತಾರ ಟಿಪ್ಪಣಿಗೆ ಹೋಗಲಿ. ಅಚ್ಚಿನಲ್ಲಿ ಇನಿಷಿಯಲ್ ಇದ್ದಲ್ಲಿ ಅದನ್ನು ಬಿಡಿಸಿ ಬರೆಯಬಾರದು. ಈ ತಲೆಹೆಸರಿನ ಕೆಳಗೆ ಪ್ರತಿ ಪುಸ್ತಕದ ನಮೂದು, ಅದರಲ್ಲಿ ಅಚ್ಚಾದ ರೂಪ ಬೇರೆಯಿದ್ದರೆ ಚೌಕ ಕಂಸದಲ್ಲಿ ಅದು. ಲೇಖಕರಾಗಿ ‘ಮಾರ್ಗ’ದ ಸಂಪುಟಗಳು ಒಂದು ಗುಂಪು, ಸಂಪಾದಕರಾಗಿ ವಚನ ಸಂಪುಟಗಳು ಇನ್ನೊಂದು. ಪಾತ್ರ ಬೇರೆಯಾದರೂ ತಲೆಹೆಸರು ಒಂದೇ. ಕೊನೆಗೆ ‘ಕಲ್ಬುರ್ಗಿ ಎಮ್.ಎಮ್., ನೋಡಿ: ಕಲಬುರ್ಗಿ, ಎಂ. ಎಂ.’ ಎಂಬ ಸೂಚನೆ, ಒಂದೊಂದು ರೂಪಾಂತರಕ್ಕೂ ಒಂದು ಸಾಲು.

ಒಂದುಗೂಡಿಸುವಾಗ ಎಲ್ಲಿ ನಿಲ್ಲಬೇಕು ಎಂಬುದೂ ಇದೆ. ‘ಎಂ. ಕಲಬುರ್ಗಿ’ ಎಂದಷ್ಟೇ ಇದ್ದರೆ ಅದು ಇವರೇ ಎನ್ನಲಾಗದು. ಈ ಅಡ್ಡಹೆಸರಿನವರು ಬಹಳ ಜನ. ಪುಸ್ತಕವನ್ನು ತೆಗೆದು ಪ್ರಕಾಶಕರು, ವಿಷಯ, ಮುನ್ನುಡಿ, ವರ್ಷ ನೋಡಿ ಖಾತ್ರಿಯಾಗುವವರೆಗೆ ಬೇರೆಯಾಗಿಯೇ ಇಡಬೇಕು. ಬೇರೆ ಉಳಿದ ಇಬ್ಬರನ್ನು ಮುಂದೆ ಯಾರಾದರೂ ಸೇರಿಸಬಹುದು. ತಪ್ಪಾಗಿ ಸೇರಿಸಿದ ಇಬ್ಬರನ್ನು, ಅಚ್ಚಿನ ರೂಪವೂ ಅಳಿದ ಮೇಲೆ, ಬಿಡಿಸುವುದು ಬಹಳ ಕಷ್ಟ.

ಅಡ್ಡಹೆಸರಿನ ಈ ನಿಯಮವನ್ನು ಇಡೀ ಕರ್ನಾಟಕಕ್ಕೆ ಹಾಕಲಾಗದು ಎಂಬುದನ್ನೂ ಹೇಳಬೇಕು. ಜಿ.ಎಸ್. ಶಿವರುದ್ರಪ್ಪ ಎಂಬಲ್ಲಿ ಕೊನೆಯದೇ ಅವರ ಸ್ವಂತ ಹೆಸರು. ಅಮೆರಿಕದ ಗ್ರಂಥಾಲಯಗಳ ಸೂಚಿಯಲ್ಲಿ ಅವರು `Śivarudrappa, Ji. Es.` ಆಗಿ ಸಿಗುತ್ತಾರೆ, ಏಕೆಂದರೆ ಅಲ್ಲಿ ಕನ್ನಡ ಶೀರ್ಷಿಕೆ ಪುಟದ ಇನಿಷಿಯಲ್‌ಗಳನ್ನೂ ಉಚ್ಚಾರದಂತೆಯೇ ರೋಮನ್ ಲಿಪಿಗೆ ತಿರುಗಿಸುತ್ತಾರೆ. `G. S.` ಎಂದು ಹುಡುಕುವ ಕನ್ನಡಿಗನಿಗೆ ಅದು ಹೊಳೆಯುವುದಿಲ್ಲ. ರೋಮನ್ ರೂಪಗಳಿಗೂ ‘ನೋಡಿ’ ಸಾಲು ಬೇಕೆನ್ನುವುದು ಇದಕ್ಕೇ.

ಎಲ್ಲವನ್ನೂ ಒಂದೇ ರೂಪಕ್ಕೆ ಒತ್ತಬಾರದು ಎಂಬುದಕ್ಕೆ ದೊಡ್ಡ ಸಾಕ್ಷಿ ಡಿ.ಎನ್. ಶಂಕರ ಭಟ್ಟರು. ಇಂಗ್ಲಿಷಿನ ಭಾಷಾವಿಜ್ಞಾನ ಗ್ರಂಥಗಳಲ್ಲಿ ಅವರು `D. N. S. Bhat`. ಕನ್ನಡದಲ್ಲಿ ಮೊದಲು ‘ಭಟ್’. ಮಹಾಪ್ರಾಣಗಳು ಕನ್ನಡ ಬರಹಕ್ಕೆ ಬೇಡವೆಂದು ವಾದಿಸಿದ ಮೇಲೆ ಅವರ ಪುಸ್ತಕಗಳ ಮೇಲೆ ‘ಬಟ್’ ಬಂತು. ಅಲ್ಲಿ ಕಾಗುಣಿತದ ಬದಲಾವಣೆ ಅಚ್ಚಿನ ದೋಷವಲ್ಲ, ಅವರ ವಾದವೇ ಹೆಸರಿನ ಮೇಲೆ ನಿಂತಿದೆ. ‘ಬಟ್’ ಅನ್ನು ‘ಭಟ್’ ಎಂದು ತಿದ್ದುವ ಗ್ರಂಥಸೂಚಿ ಲೇಖಕರ ನಿಲುವನ್ನೇ ತಿದ್ದಿದಂತೆ. ತಲೆಹೆಸರು ಒಂದಿರಲಿ, ನಮೂದಿನೊಳಗೆ ಅವರವರ ಪುಟ ಹೇಳಿದಂತೆ ಇರಲಿ.

ನಮ್ಮ ಭಾಗದವರೇ ಆದ ಚನ್ನಣ್ಣ ವಾಲೀಕಾರರ ಹೆಸರನ್ನೂ ಚ, ಚೆ ಎರಡರಲ್ಲೂ, ವಾಲೀ, ವಾಲಿ ಎರಡರಲ್ಲೂ ಬರೆಯುತ್ತಾರೆ. ಅವರ ಕೆಲಸವನ್ನು ಒಂದೆಡೆ ನೋಡಬೇಕೆನ್ನುವವರು ಇನ್ನೂ ನಾಲ್ಕು ಕಡೆ ಹುಡುಕಬೇಕು.

ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಹಾಕುವ ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇಷ್ಟು. ಗ್ರಂಥಸೂಚಿಯ ಮುಂದೆ ಒಂದೇ ಪುಟದ ಹೆಸರು ಪಟ್ಟಿ ಕೇಳಿ. ಎಡಕ್ಕೆ ತಲೆಹೆಸರು, ಬಲಕ್ಕೆ ಶೀರ್ಷಿಕೆ ಪುಟಗಳಲ್ಲಿ ಕಂಡ ರೂಪಗಳು, ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ್ದರೆ ಒಂದು ಗುರುತು. ಆ ಗುರುತು ಇಲ್ಲದ ನಮೂದನ್ನು ಒಪ್ಪಿಕೊಳ್ಳಬೇಡಿ.